ಮೂವತ್ತೈದು ಹೇಗೆ ಬಂತು?

ಎರಡನೇ ತರಗತಿಯ ಹುಡುಗಿಯೊಬ್ಬಳು 52ರಲ್ಲಿ 27 ಕಳೆದು 35 ಎಂದು ಬರೆದಿದ್ದಾಳೆ. ಪಕ್ಕದಲ್ಲಿ ಕೂತ ಅಪ್ಪನೋ ಅಮ್ಮನೋ ಆಗ ಮಾಡುವುದು ಹೆಚ್ಚಿನ ಮನೆಗಳಲ್ಲಿ ಒಂದೇ. "ತಪ್ಪಾಗಿದೆ, ಅಳಿಸು. ಇಪ್ಪತ್ತೈದು ಬರಿ." ರಬ್ಬರ್ ಉಜ್ಜುತ್ತದೆ, 25 ಬಂದು ಕೂರುತ್ತದೆ, ಮರುದಿನ ಟೀಚರ್ ರೈಟ್ ಹಾಕುತ್ತಾರೆ. ಈ ಮಗುವಿಗೆ ಕಳೆಯುವ ಲೆಕ್ಕದಲ್ಲಿ ಎಲ್ಲಿ ತೊಡಕಾಗಿದೆ ಎಂದು ತೋರಿಸುತ್ತಿದ್ದದ್ದು ಆ 35 ಒಂದೇ. ಅದನ್ನು ಟೀಚರ್ ನೋಡಲಿಲ್ಲ, ಅಪ್ಪ ಅಮ್ಮ ನೋಡಿಯೂ ಓದಲಿಲ್ಲ.

ಉತ್ತರ ಹೇಳಿಕೊಡಬೇಡಿ ಎಂದು ಪೋಷಕರಿಗೆ ಎಲ್ಲರೂ ಹೇಳುತ್ತಾರೆ. ಹೇಳದೆ ಮತ್ತೇನು ಮಾಡಬೇಕು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಈ ಒಂದು ಲೆಕ್ಕವನ್ನೇ ಹಿಡಿದು ಕೊನೆಯವರೆಗೆ ಹೋಗೋಣ.

ಅದಕ್ಕೆ ಮೊದಲು ಒಂದು ವಿಷಯ. ಒಂದು ಮತ್ತು ಎರಡನೇ ತರಗತಿಯ ಮಕ್ಕಳಿಗೆ ಹೋಂವರ್ಕ್ ಕೊಡಬಾರದು ಎಂದು ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ 2018ರಲ್ಲೇ ಸೂಚನೆ ಹೊರಡಿಸಿತ್ತು. 2020ರ ಶಾಲಾ ಬ್ಯಾಗ್ ನೀತಿಯೂ ಅದನ್ನೇ ಹೇಳುತ್ತದೆ: ಎರಡನೇ ತರಗತಿಯವರೆಗೆ ಹೋಂವರ್ಕ್ ಬೇಡ, ಮೂರರಿಂದ ಐದನೇ ತರಗತಿಯವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ವಾರಕ್ಕೆ ಎರಡು ಗಂಟೆ ಅಂದರೆ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ ಅಷ್ಟೇ. ನಿಮ್ಮ ಮನೆಯ ಮಗು ಒಂದನೇ ತರಗತಿಯಲ್ಲೇ ರಾತ್ರಿ ಊಟದ ಹೊತ್ತಿನವರೆಗೂ ಬರೆಯುತ್ತಾ ಕೂತಿರುತ್ತದೆ ಎಂದಾದರೆ, ಮಗುವಿನ ವೇಗವನ್ನು ಪ್ರಶ್ನಿಸುವ ಮೊದಲು ಹೋಂವರ್ಕಿನ ಉದ್ದವನ್ನು ಪ್ರಶ್ನಿಸಬಹುದು. ಪೋಷಕರ ಸಭೆಯಲ್ಲಿ ಈ ನೀತಿಯ ಹೆಸರು ಹೇಳಿ ಮರ್ಯಾದೆಯಿಂದ ಕೇಳುವುದಕ್ಕೆ ಹಿಂಜರಿಯಬೇಕಾಗಿಲ್ಲ. ಚಿಕ್ಕ ತರಗತಿಗಳಲ್ಲಿ ಹೆಚ್ಚು ಹೋಂವರ್ಕ್ ಮಾಡಿದ ಮಕ್ಕಳು ಓದಿನಲ್ಲಿ ಮುಂದಿರುತ್ತಾರೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 2006ರಲ್ಲಿ ಈ ಬಗೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಹೈಸ್ಕೂಲಿನಲ್ಲಿ ಕಾಣುವ ನಂಟು ಪ್ರಾಥಮಿಕ ತರಗತಿಗಳಲ್ಲಿ ತೀರಾ ತೆಳುವಾಗಿತ್ತು.

ಆದರೂ ಹೋಂವರ್ಕ್ ಬರುತ್ತದೆ, ಬಹಳ ಶಾಲೆಗಳಿಂದ ಬರುತ್ತದೆ. ಬಂದದ್ದನ್ನು ಚೆನ್ನಾಗಿ ಬಳಸಿಕೊಳ್ಳುವುದು ಹೇಗೆ ಎಂದು ನೋಡಬೇಕು. ಈಗ 35ಕ್ಕೆ ಬರೋಣ.

ಕೇಳಬೇಕಾದ ಪ್ರಶ್ನೆ ಬಹಳ ಸಣ್ಣದು: "ಇದನ್ನ ಹೇಗೆ ಮಾಡ್ದೆ ಪುಟ್ಟಿ, ನಂಗೂ ಹೇಳು." ದನಿಯಲ್ಲಿ ತಪ್ಪು ಹಿಡಿದ ಸುಳಿವು ಇರಬಾರದು. ಉತ್ತರ ಸರಿಯಿದ್ದಾಗಲೂ ಆಗಾಗ ಇದೇ ಪ್ರಶ್ನೆ ಕೇಳುತ್ತಿರಬೇಕು. ಇಲ್ಲದಿದ್ದರೆ "ಹೇಗೆ ಮಾಡ್ದೆ" ಅಂದ ಕೂಡಲೇ ತಪ್ಪಾಗಿದೆ ಎಂದು ಮಗು ತಿಳಿದುಕೊಂಡು ರಬ್ಬರಿಗೆ ಕೈ ಹಾಕುತ್ತದೆ.

ಪುಟ್ಟಿ ಹೀಗೆ ಹೇಳಬಹುದು: "ಏಳರಲ್ಲಿ ಎರಡು ಹೋದ್ರೆ ಐದು. ಐದರಲ್ಲಿ ಎರಡು ಹೋದ್ರೆ ಮೂರು. ಮೂವತ್ತೈದು." ಅವಳು ಬಿಡಿಯ ಸ್ಥಾನದಲ್ಲಿ ಮೇಲಿನ 2ರಿಂದ ಕೆಳಗಿನ 7 ಕಳೆಯುವ ಬದಲು, ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾಳೆ. ದೊಡ್ಡದರಿಂದ ಚಿಕ್ಕದನ್ನೇ ಕಳೆಯಬೇಕು ಎಂದು ಒಂದನೇ ತರಗತಿಯಲ್ಲಿ ಅವಳಿಗೆ ಹೇಳಿದ್ದರು, ಆಗ ಅದು ಸರಿಯಾಗಿಯೇ ನಡೆಯುತ್ತಿತ್ತು. ಅದೇ ನಿಯಮವನ್ನು ಅವಳು ಇಲ್ಲಿಗೂ ತಂದಿದ್ದಾಳೆ. ಇದು ಗಮನ ಕೊಡದೆ ಆದ ತಪ್ಪಲ್ಲ. ಒಂದು ನಿಯಮವನ್ನು ಅದು ಸಲ್ಲದ ಜಾಗದಲ್ಲಿ ನಿಷ್ಠೆಯಿಂದ ಪಾಲಿಸಿದ್ದರಿಂದ ಆದ ತಪ್ಪು.

ಅಥವಾ ಹೀಗೂ ಹೇಳಬಹುದು: "ಎರಡರಲ್ಲಿ ಏಳು ಹೋಗಲ್ಲ. ಅದಕ್ಕೇ ಒಂದು ಹತ್ತು ತಗೊಂಡೆ. ಹನ್ನೆರಡರಲ್ಲಿ ಏಳು ಹೋದ್ರೆ ಐದು. ಐದರಲ್ಲಿ ಎರಡು ಹೋದ್ರೆ ಮೂರು." ಇವಳಿಗೆ ಹತ್ತು ತೆಗೆದುಕೊಳ್ಳಬೇಕು ಎಂಬುದು ಚೆನ್ನಾಗಿ ಗೊತ್ತಿದೆ. ತೆಗೆದುಕೊಂಡ ಮೇಲೆ ಅಲ್ಲಿ ಐದು ಹತ್ತುಗಳ ಬದಲು ನಾಲ್ಕೇ ಉಳಿದವು ಎಂಬುದನ್ನು ಮರೆತಿದ್ದಾಳೆ. ಉತ್ತರ ಅದೇ 35.

ಎರಡು ಬೇರೆ ಬೇರೆ ತೊಡಕು, ಪುಸ್ತಕದಲ್ಲಿ ಕಾಣುವುದು ಒಂದೇ ಉತ್ತರ. ಮೊದಲನೆಯವಳಿಗೆ ಹತ್ತನ್ನು ಬಿಡಿಸುವುದು ಎಂದರೇನೆಂದು ಮೊದಲಿಂದ ತೋರಿಸಬೇಕು. ಎರಡನೆಯವಳಿಗೆ ಅದನ್ನೆಲ್ಲ ಮತ್ತೆ ಹೇಳಲು ಹೊರಟರೆ ಬೇಸರ ಬಂದೀತು. ಅವಳಿಗೆ ಬೇಕಾದದ್ದು 5ನ್ನು ಹೊಡೆದು ಮೇಲೆ 4 ಬರೆದುಕೊಳ್ಳುವ ಅಭ್ಯಾಸ ಮಾತ್ರ. ಬಾಯಲ್ಲಿ ಹೇಳಿಸದೆ ಇದು ತಿಳಿಯುವುದಿಲ್ಲ.

ಮಗುವಿಗೆ ಹೇಳಲು ಬಾರದಿದ್ದರೆ ಇನ್ನೊಂದು ದಾರಿ ಇದೆ. 61ರಲ್ಲಿ 38 ಕಳೆಯಲು ಕೊಟ್ಟು ನೋಡಿ. ಸರಿ ಉತ್ತರ 23. ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಮಗು 37 ಬರೆಯುತ್ತದೆ. ಹತ್ತು ತೆಗೆದುಕೊಂಡು ಮರೆಯುವ ಮಗು 33 ಬರೆಯುತ್ತದೆ. 52 ಮತ್ತು 27ರಲ್ಲಿ ಎರಡೂ ತಪ್ಪು ಒಂದೇ ಕಡೆ ಬಂದು ಸೇರಿದ್ದು ಆ ಅಂಕಿಗಳ ಆಕಸ್ಮಿಕ, ಇಲ್ಲಿ ಅವು ಬೇರೆಯಾಗುತ್ತವೆ. ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳಲ್ಲಿ ಹೀಗೆ ಕ್ರಮ ಇರುತ್ತದೆ ಎಂದು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು 1978ರಲ್ಲಿ ವಿವರವಾಗಿ ತೋರಿಸಿದರು. ತಪ್ಪು ಮಾಡುವ ಮಗು ಬಹಳ ಸಲ ಬಾಯಿಗೆ ಬಂದ ಅಂಕಿ ಬರೆದಿರುವುದಿಲ್ಲ, ತನ್ನದೇ ಒಂದು ವಿಧಾನವನ್ನು ಬಿಡದೆ ಅನುಸರಿಸಿರುತ್ತದೆ. ಆ ವಿಧಾನ ಯಾವುದು ಎಂದು ಗೊತ್ತಾದರೆ ಮುಂದಿನ ತಪ್ಪು ಏನಾಗುತ್ತದೆ ಎಂದೂ ಮೊದಲೇ ಹೇಳಬಹುದು. 40ರಲ್ಲಿ 16 ಕೊಟ್ಟರೆ ಮೊದಲನೇ ಹುಡುಗಿ 36 ಎನ್ನುತ್ತಾಳೆ, ಎರಡನೆಯವಳು 34.

ಈಗ ಮೊದಲನೆಯವಳಿಗೆ ನೆರವಾಗುವುದು ಹೇಗೆ? ತಪ್ಪಾಗಿದೆ ಎಂದು ನಾವು ಹೇಳುವ ಬದಲು ಅವಳೇ ಕಂಡುಕೊಳ್ಳುವುದಕ್ಕೆ ಒಂದು ಸುಲಭದ ಉಪಾಯ ಇದೆ. "ಐವತ್ತೆರಡು ಇತ್ತು, ಇಪ್ಪತ್ತೇಳು ತೆಗೆದ್ವಿ, ಮೂವತ್ತೈದು ಉಳೀತು ಅಂದ್ಯಲ್ಲ. ಉಳಿದದ್ದನ್ನೂ ತೆಗೆದದ್ದನ್ನೂ ಮತ್ತೆ ಕೂಡಿಸಿದ್ರೆ ಎಷ್ಟಾಗ್ಬೇಕು?" ಐವತ್ತೆರಡೇ ಆಗಬೇಕು ಎಂದು ಎರಡನೇ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಹೇಳುತ್ತಾರೆ. ಕೂಡಿಸಿ ನೋಡಿದರೆ 62 ಬರುತ್ತದೆ. ಆ 62ನ್ನು ನೋಡಿದ ಮಗುವಿನ ಮುಖದಲ್ಲಿ ಅಮ್ಮ ಗದರಿದಾಗ ಕಾಣುವ ಅಂಜಿಕೆ ಇರುವುದಿಲ್ಲ. ಹತ್ತು ಎಲ್ಲಿಂದ ಜಾಸ್ತಿ ಬಂತು ಎಂಬ ಕುತೂಹಲ ಇರುತ್ತದೆ.

ಆಮೇಲೆ ಕಡ್ಡಿಗಳು ಬೇಕು. ಹಳೆಯ ಪೊರಕೆಯ ಕಡ್ಡಿಗಳನ್ನು ತೊಳೆದು ಬೆರಳುದ್ದಕ್ಕೆ ಮುರಿದು, ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿಟ್ಟುಕೊಂಡರೆ ವರ್ಷವೆಲ್ಲ ಬರುತ್ತದೆ. ಕಟ್ಟುವ ಕೆಲಸವನ್ನೂ ಮಗುವಿನಿಂದಲೇ ಮಾಡಿಸಿ. ಒಂದು ಕಟ್ಟಿನಲ್ಲಿ ಹತ್ತು ಕಡ್ಡಿ ಇದೆ ಎಂಬುದು ತಾನೇ ಎಣಿಸಿ ಕಟ್ಟಿದ ಕೈಗೆ ಗೊತ್ತಿರುತ್ತದೆ. ಐದು ಕಟ್ಟು, ಎರಡು ಬಿಡಿ ಕಡ್ಡಿ ನೆಲದ ಮೇಲಿಡಿ. "ಇದರಿಂದ ಇಪ್ಪತ್ತೇಳು ನಂಗೆ ಕೊಡು" ಎಂದು ಕೈ ಚಾಚಿ. ಅವಳು ಎರಡು ಕಟ್ಟು ಕೊಡುತ್ತಾಳೆ. ಇನ್ನು ಏಳು ಬಿಡಿ ಬೇಕು, ಇರುವುದು ಎರಡು. ಇಲ್ಲಿ ಸುಮ್ಮನಿರಬೇಕು. "ಕಟ್ಟು ಬಿಚ್ಚು" ಎಂದು ನೀವು ಹೇಳಿದರೆ ಅದೇ ಉತ್ತರ ಹೇಳಿಕೊಟ್ಟ ಹಾಗೆ. ಅವಳು ಎರಡು ಕಡ್ಡಿ ಕೊಟ್ಟು "ಇಷ್ಟೇ ಇರೋದು" ಎನ್ನಬಹುದು. "ನಂಗಿನ್ನೂ ಐದು ಬರಬೇಕಲ್ಲ" ಎಂದಷ್ಟೇ ಹೇಳಿ ಮತ್ತೆ ಸುಮ್ಮನಿರಿ. ಸ್ವಲ್ಪ ಹೊತ್ತಿಗೆ "ಇದನ್ನ ಬಿಚ್ಚಲಾ?" ಎಂಬ ಪ್ರಶ್ನೆ ಅವಳ ಕಡೆಯಿಂದಲೇ ಬರುತ್ತದೆ. ಒಂದು ಕಟ್ಟು ಬಿಚ್ಚಿ, ಐದು ಕೊಟ್ಟ ಮೇಲೆ ಅವಳ ಮುಂದೆ ಎರಡು ಕಟ್ಟು, ಐದು ಬಿಡಿ ಉಳಿದಿರುತ್ತವೆ.

ಇಷ್ಟಕ್ಕೆ ಪುಸ್ತಕದಲ್ಲಿ 25 ಬರೆಸಿ ಮುಗಿಸಬೇಡಿ. ಕಡ್ಡಿಗಳಲ್ಲಿ ಮಾಡಿದ್ದನ್ನು ಅಂಕಿಗಳಲ್ಲಿ ಎಲ್ಲಿ ತೋರಿಸುವುದು ಎಂದು ಕೇಳಿ. ಒಂದು ಕಟ್ಟು ಹೋಯಿತು, ಹಾಗಾಗಿ 5 ಹೊಡೆದು 4. ಅದರ ಹತ್ತು ಕಡ್ಡಿ ಬಿಡಿಗೆ ಸೇರಿದವು, ಹಾಗಾಗಿ 2ರ ಜಾಗದಲ್ಲಿ 12. ಕಡ್ಡಿಯಿಂದ ಕಾಗದಕ್ಕೆ ದಾಟುವ ಈ ಜಾಗದಲ್ಲಿ ಅವಸರ ಮಾಡಿದರೆ, ಕಡ್ಡಿಯಲ್ಲಿ ಸರಿ ಮಾಡುವ ಮಗು ಪುಸ್ತಕದಲ್ಲಿ ಮತ್ತೆ 35 ಬರೆಯುತ್ತದೆ. ಹಾಗಾದರೆ ಗಾಬರಿ ಬೇಡ. ಇನ್ನೆರಡು ಮೂರು ಸಂಜೆ ಕಡ್ಡಿ ಮತ್ತು ಕಾಗದವನ್ನು ಅಕ್ಕಪಕ್ಕದಲ್ಲೇ ಇಟ್ಟುಕೊಂಡು, ಕಡ್ಡಿಯಲ್ಲಿ ಒಂದು ಹೆಜ್ಜೆ, ಕಾಗದದಲ್ಲಿ ಅದೇ ಹೆಜ್ಜೆ ಎಂದು ಮಾಡಿದರೆ ದಾಟುತ್ತಾರೆ.

ನಾವು ಕಲಿಯುವಾಗ ಇದಕ್ಕೆ ಸಾಲ ತರುವುದು ಎನ್ನುತ್ತಿದ್ದೆವು. ಶಾಲೆಯಲ್ಲಿ ಈಗ ಹತ್ತನ್ನು ಬಿಡಿಸುವುದು ಎಂದೋ ಬೇರೇನೋ ಹೇಳಿಕೊಟ್ಟಿರಬಹುದು. ಮನೆಯಲ್ಲಿ ನಮ್ಮ ಕಾಲದ ವಿಧಾನವನ್ನು ಹೇಳಿಕೊಡಲು ಹೋಗಿ ಮಗು ಎರಡರ ನಡುವೆ ಸಿಕ್ಕಿಕೊಂಡು ಅಳುವುದನ್ನು ಬಹಳ ನೋಡಿದ್ದೇನೆ. "ನಿಮ್ಮ ಟೀಚರ್ ಹೇಗೆ ಹೇಳ್ಕೊಟ್ರು?" ಎಂದು ಕೇಳಿ, ತರಗತಿಯಲ್ಲಿ ಮಾಡಿದ ಲೆಕ್ಕವನ್ನು ಪುಸ್ತಕದ ಹಿಂದಿನ ಪುಟದಲ್ಲಿ ತೆಗೆಸಿ ನೋಡಿ, ಅವರ ದಾರಿಯಲ್ಲೇ ನಡೆಸಬೇಕು. ಕನ್ನಡ ಓದುವುದರಲ್ಲೂ ಹೀಗೆಯೇ. ಸರ್ಕಾರಿ ಶಾಲೆಗಳ ನಲಿಕಲಿಯಲ್ಲಿ ಮಕ್ಕಳು ಅ ಆ ಇ ಈ ಎಂಬ ಸಾಲಿನಿಂದ ಶುರು ಮಾಡುವುದಿಲ್ಲ. ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಆರಂಭಿಸಿ ಸರ, ಅರಸ, ಗರಗಸ ಎಂದು ಓದತೊಡಗುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ಪದ್ಧತಿ ಇದು. ಅಜ್ಜಿ ಬಂದು "ಇದಕ್ಕೆ ಆ, ಈ, ಊ ಕೂಡ ಬರಲ್ಲ" ಎಂದು ಕೊರಗಿದರೆ, ಮಗು ಇಡೀ ಪದವನ್ನೇ ಓದಿ ತೋರಿಸಲಿ. ಮಿಕ್ಕ ಅಕ್ಷರಗಳು ತಮ್ಮ ಸರದಿಯಲ್ಲಿ ಬರುತ್ತವೆ.

ಕಡ್ಡಿಯ ಆ ಸಂಜೆಯಲ್ಲಿ ದೊಡ್ಡವರು ಮಾಡಿದ್ದನ್ನು ಗಮನಿಸಿದರೆ ಅದಕ್ಕೊಂದು ಕ್ರಮ ಇದೆ. ಮೊದಲು ಕೇಳಿದರು. ಆಮೇಲೆ ಕೂಡಿಸಿ ತಾಳೆ ನೋಡಲು ಹೇಳಿದರು. ಅದು ಸಾಲದಾದಾಗ ಕಡ್ಡಿ ಕೊಟ್ಟರು. ಕಡ್ಡಿಯೂ ಸಾಲದೆ ಹೋಗಿದ್ದರೆ ಹೋಂವರ್ಕಿನಲ್ಲಿ ಇಲ್ಲದ ಇನ್ನೊಂದು ಲೆಕ್ಕವನ್ನು, 43ರಲ್ಲಿ 19 ಎಂದಿಟ್ಟುಕೊಳ್ಳಿ, ತಾವೇ ಪೂರ್ತಿ ಮಾಡಿ ತೋರಿಸಬಹುದಿತ್ತು. ಆಮೇಲೆ ಮಗು ತನ್ನ ಲೆಕ್ಕಕ್ಕೆ ತಾನೇ ಹಿಂದಿರುಗುತ್ತದೆ. ನೆರವು ಒಂದೊಂದೇ ಮೆಟ್ಟಿಲು ಹೆಚ್ಚುತ್ತಾ ಹೋಗುತ್ತದೆ, ಹೋಂವರ್ಕಿನ ಲೆಕ್ಕದ ಉತ್ತರ ಮಾತ್ರ ಯಾವ ಮೆಟ್ಟಿಲಲ್ಲೂ ಇಲ್ಲ. ಇದಕ್ಕಿಂತ ಮುಖ್ಯವಾದದ್ದು ಇಳಿಯುವುದು. ಮಗು ಒಂದು ಹೆಜ್ಜೆ ಸರಿಯಾಗಿ ಇಟ್ಟ ಕೂಡಲೇ ನೀವು ಒಂದು ಮೆಟ್ಟಿಲು ಕೆಳಗಿಳಿಯಬೇಕು. ಮುಂದಿನ ಲೆಕ್ಕಕ್ಕೆ ಕಡ್ಡಿಯನ್ನು ನೀವೇ ಮುಂದೆ ತಳ್ಳಬೇಡಿ, ಬೇಕಾದರೆ ಅವಳೇ ತೆಗೆದುಕೊಳ್ಳಲಿ. ಡೇವಿಡ್ ವುಡ್ ಎಂಬ ಮನಃಶಾಸ್ತ್ರಜ್ಞರು 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಚಿಕ್ಕ ಮಕ್ಕಳು ಮರದ ತುಂಡುಗಳನ್ನು ಜೋಡಿಸುವಾಗ ದೊಡ್ಡವರು ಹೇಗೆ ನೆರವಾಗುತ್ತಾರೆ ಎಂದು ಅಧ್ಯಯನ ಮಾಡಿದ್ದರು. ಮಗು ಸೋತರೆ ನೆರವು ಹೆಚ್ಚಿಸು, ಗೆದ್ದರೆ ಕಡಿಮೆ ಮಾಡು ಎಂಬ ನಿಯಮ ಅಲ್ಲಿಂದ ಬಂದದ್ದು. ನಾವು ಹೆಚ್ಚಿಸುವುದನ್ನು ಬಲ್ಲೆವು, ಕಡಿಮೆ ಮಾಡಲು ಮರೆಯುತ್ತೇವೆ.

ನೆರವು ಜಾಸ್ತಿಯಾಯಿತು ಎಂದು ತಿಳಿಯುವುದು ಮಗುವಿನ ಕಣ್ಣಿನಿಂದ. ಪ್ರತಿ ಅಂಕಿ ಬರೆಯುವ ಮೊದಲೂ ಅದು ನಿಮ್ಮ ಮುಖ ನೋಡುತ್ತಿದ್ದರೆ, "ಐದಾ? ಆರಾ? ಏಳಾ?" ಎಂದು ಒಂದೊಂದಾಗಿ ಕೇಳುತ್ತಾ ನಿಮ್ಮ ಹುಬ್ಬು ಎಲ್ಲಿ ಸಡಿಲವಾಗುತ್ತದೆ ಎಂದು ಕಾಯುತ್ತಿದ್ದರೆ, ಅದು ಲೆಕ್ಕ ಮಾಡುತ್ತಿಲ್ಲ, ನಿಮ್ಮನ್ನು ಓದುತ್ತಿದೆ. ಆಗ ಪಕ್ಕದಿಂದ ಎದ್ದು ಹೋಗುವುದೇ ಒಳ್ಳೆಯದು. "ಇದೊಂದು ಮುಗಿಸಿರು, ನಾನು ಸೊಪ್ಪು ಬಿಡಿಸ್ಕೊಂಡು ಬರ್ತೀನಿ" ಎಂದು ಅದೇ ಕೋಣೆಯಲ್ಲಿ ಸ್ವಲ್ಪ ದೂರ ಕೂತರೆ ಸಾಕು.

ಸುಮ್ಮನಿರುವುದು ಎಂದೆನಲ್ಲ, ಅದು ಕಷ್ಟದ ಕೆಲಸ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡು ಕೂಡ ಸರಿಯಾಗಿ ಕಾಯುವುದಿಲ್ಲ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಧಾರಿಸುತ್ತದೆ ಎಂದು ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡಿದ್ದರು. ಮನೆಯಲ್ಲಿ, ದಿನವಿಡೀ ದುಡಿದು ಬಂದ ಮೇಲೆ, ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಮೂರು ಸೆಕೆಂಡು ಬಹಳ ಉದ್ದ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವುದನ್ನು ರೂಢಿ ಮಾಡಿಕೊಂಡರೆ ಬಾಯಿ ತಡೆಯುತ್ತದೆ.

ಹಾಗೆಂದು ಏನನ್ನೂ ಹೇಳಿಕೊಡಬಾರದು ಎಂದಲ್ಲ. ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು, ಅದು ಉಕ್ತಲೇಖನದಲ್ಲಿ ಚೆನ್ನಾಗಿ ಕಾಣುತ್ತದೆ. ಮಗು "ಕತ್ತೆ" ಎಂದು ಹೇಳಿದ್ದಕ್ಕೆ "ಕತೆ" ಎಂದು ಬರೆದಿದೆ. ಒತ್ತಕ್ಷರ ಬಿಟ್ಟಿದೆ. ಇದನ್ನು ಹೇಳಿಕೊಡಬೇಕಾಗಿಲ್ಲ, ಕಿವಿಯಿಂದಲೇ ಹಿಡಿಯಬಹುದು. "ನೀನು ಬರೆದದ್ದನ್ನ ನಂಗೆ ಓದಿ ಹೇಳು" ಎನ್ನಿ. ಮಗು ಬರೆದದ್ದನ್ನು ಓದದೆ, ಮನಸ್ಸಿನಲ್ಲಿರುವುದನ್ನೇ "ಕತ್ತೆ" ಎಂದು ಹೇಳಬಹುದು. ಆಗ ನೀವು ಅಲ್ಲಿರುವಂತೆಯೇ ಓದಿ: "ಅಗಸನ ಹತ್ರ ಒಂದು ಕತೆ ಇತ್ತು." ಮಗು ನಗುತ್ತದೆ, ಎರಡರ ನಡುವಿನ ಒತ್ತು ಕಿವಿಗೆ ಬೀಳುತ್ತದೆ, ತಕಾರದ ಒತ್ತನ್ನು ತಾನೇ ಸೇರಿಸುತ್ತದೆ. ಬಳಿ, ಬಳ್ಳಿ, ಹಳಿ, ಹಳ್ಳಿ ಎಂಬ ಜೋಡಿಗಳಿಂದಲೂ ಹೀಗೆ ಆಡಿಸಬಹುದು.

ಆದರೆ ಅದೇ ಮಗು "ಭಾರತ"ವನ್ನು "ಬಾರತ" ಎಂದು ಬರೆದರೆ? ನಮ್ಮಲ್ಲಿ ಬಹುಪಾಲು ಜನ ಮಾತಾಡುವಾಗ ಬ ಮತ್ತು ಭ ನಡುವೆ ಭೇದ ಮಾಡುವುದಿಲ್ಲ. ಕಿವಿಗೆ ಬೀಳದ ಭೇದವನ್ನು "ಯೋಚನೆ ಮಾಡು, ಯೋಚನೆ ಮಾಡು" ಎಂದು ಮಗುವಿನ ತಲೆಯಿಂದ ಹೊರಡಿಸಲು ಸಾಧ್ಯವಿಲ್ಲ. ಅದು ಬರೆದು ನೋಡಿ ರೂಢಿಯಾಗಬೇಕಾದದ್ದು. "ಇದಕ್ಕೆ ಹೊಟ್ಟೆ ಸೀಳಿದ ಭ" ಎಂದು ನೇರವಾಗಿ ಹೇಳಿ, ಒಮ್ಮೆ ತೋರಿಸಿ ಮುಂದೆ ಹೋಗಿ. ಶಂಖದ ಶ, ಷಟ್ಕೋನದ ಷ, ಇಂಗ್ಲಿಷಿನ ಸ್ಪೆಲಿಂಗು, ತ್ರಿಭುಜ ಎಂಬ ಹೆಸರು ಇವೆಲ್ಲ ಈ ಗುಂಪಿಗೆ ಸೇರಿದವು. ಯೋಚಿಸಿ ಕಂಡುಕೊಳ್ಳಬಹುದಾದದ್ದನ್ನು ಹೇಳಿಬಿಡುವುದು ಎಷ್ಟು ತಪ್ಪೋ, ಯಾರಾದರೂ ಹೇಳದೆ ಗೊತ್ತಾಗಲು ಸಾಧ್ಯವೇ ಇಲ್ಲದ್ದನ್ನು ಮಗುವಿನಿಂದ ಹೊರಡಿಸಲು ಪೀಡಿಸುವುದೂ ಅಷ್ಟೇ ತಪ್ಪು. ಮನೆಗಳಲ್ಲಿ ನಡೆಯುವ ಕಣ್ಣೀರಿನ ದೊಡ್ಡ ಪಾಲು ಈ ಎರಡನೆಯದರಿಂದ ಬರುತ್ತದೆ ಎಂದು ನನಗನ್ನಿಸುತ್ತದೆ.

ಇನ್ನು ಇಂಗ್ಲಿಷ್ ಮೀಡಿಯಂ ಮನೆಗಳ ಕಷ್ಟ. ಅಪ್ಪ ಅಮ್ಮ ಕನ್ನಡದಲ್ಲಿ ಓದಿದವರು, ಮಗುವಿನ ಪುಸ್ತಕ ಇಂಗ್ಲಿಷಿನದು, ನಮಗೇ ಬಾರದ್ದನ್ನು ಹೇಗೆ ಹೇಳಿಕೊಡುವುದು ಎಂಬ ಅಳುಕು. ನಾನು ಈವರೆಗೆ ಹೇಳಿದ ನೆರವಿಗೆ ಇಂಗ್ಲಿಷ್ ಹೆಚ್ಚು ಬೇಕಾಗಿಲ್ಲ. ಪುಸ್ತಕದಲ್ಲಿ ಹಣ್ಣಿನಂಗಡಿಯ ಲೆಕ್ಕವೊಂದು ಇದೆ ಎಂದುಕೊಳ್ಳಿ: ಬುಟ್ಟಿಯಲ್ಲಿ 34 ಮಾವಿನಹಣ್ಣು ಇದ್ದವು, ಕೆಲವನ್ನು ಮಾರಿದ ಮೇಲೆ 18 ಉಳಿದವು, ಮಾರಿದ್ದೆಷ್ಟು. ಮಗು ಬಂದು ಕೇಳುವ ಮಾತು ಎಲ್ಲ ಮನೆಯಲ್ಲೂ ಒಂದೇ: "ಅಮ್ಮಾ, ಇದು ಪ್ಲಸ್ಸಾ ಮೈನಸ್ಸಾ?" "ಮೈನಸ್" ಎಂದರೆ ಲೆಕ್ಕದ ಮುಕ್ಕಾಲು ಉತ್ತರ ಹೇಳಿದ ಹಾಗೆ, ಯಾಕೆಂದರೆ ಅಲ್ಲಿ ಯೋಚಿಸಬೇಕಾಗಿದ್ದದ್ದು ಅದನ್ನೇ. "ಅದರಲ್ಲಿ ಏನಾಯ್ತು ಅಂತ ಕನ್ನಡದಲ್ಲಿ ಕತೆ ಹೇಳು" ಎನ್ನಿ. ಮೊದಲು ಬುಟ್ಟಿಯಲ್ಲಿ ಏನಿತ್ತು, ಆಮೇಲೆ ಏನಾಯಿತು, ಕೊನೆಗೆ ಏನು ಉಳಿಯಿತು. ಕತೆಯನ್ನು ಮನೆಯ ಮಾತಿನಲ್ಲಿ ಹೇಳಬಲ್ಲ ಮಗುವಿಗೆ ಏನು ಮಾಡಬೇಕು ಎಂಬುದು ಹೆಚ್ಚಾಗಿ ತಾನೇ ಹೊಳೆಯುತ್ತದೆ. ಕತೆ ಹೇಳಲಾಗದಿದ್ದರೆ ತೊಡಕು ಗಣಿತದಲ್ಲಿಲ್ಲ, ಇಂಗ್ಲಿಷ್ ವಾಕ್ಯ ಅರ್ಥವಾಗುವುದರಲ್ಲಿದೆ. ಇದು ಟೀಚರಿಗೆ ಬಹಳ ಉಪಯೋಗದ ಸುದ್ದಿ.

ಅಳುಕಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಅಮೆರಿಕದಲ್ಲಿ ಒಂದು ಮತ್ತು ಎರಡನೇ ತರಗತಿಯ ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗಣಿತವೆಂದರೆ ಹೆದರುವ ಪೋಷಕರು ಪದೇ ಪದೇ ಗಣಿತದ ಹೋಂವರ್ಕಿಗೆ ಕೂತ ಮನೆಗಳ ಮಕ್ಕಳು ಆ ವರ್ಷ ಗಣಿತವನ್ನು ಕಡಿಮೆ ಕಲಿತಿದ್ದರು, ಅವರಲ್ಲೂ ಗಣಿತದ ಭಯ ಹೆಚ್ಚಿತ್ತು. ಅಷ್ಟೇ ಭಯ ಇದ್ದೂ ಅಷ್ಟಾಗಿ ಹೋಂವರ್ಕಿಗೆ ಕೂರದ ಪೋಷಕರ ಮಕ್ಕಳಲ್ಲಿ ಇದು ಕಾಣಲಿಲ್ಲ. "ನಂಗೂ ಗಣಿತ ತಲೆಗೆ ಹತ್ತುತ್ತಿರಲಿಲ್ಲ, ನಮ್ಮ ಮನೆತನಕ್ಕೇ ಅದು ಬರಲ್ಲ" ಎಂದು ಸಮಾಧಾನಕ್ಕೆ ಆಡುವ ಮಾತು ಮಗುವಿಗೆ ಸಮಾಧಾನ ಕೊಡುವುದಿಲ್ಲ, ಕೈಬಿಡಲು ಕಾರಣ ಕೊಡುತ್ತದೆ. ಗಣಿತ ಕಂಡರೆ ನಿಮಗೆ ಎದೆ ಹೊಡೆದುಕೊಳ್ಳುತ್ತದೆ ಎಂದಾದರೆ, ಆ ವಿಷಯಕ್ಕೆ ಮನೆಯಲ್ಲಿ ಬೇರೆಯವರು ಕೂರಲಿ. ಚಿಕ್ಕಪ್ಪನೋ ಪಕ್ಕದ ಮನೆಯ ಕಾಲೇಜು ಓದುವ ಅಕ್ಕನೋ ಆಗಬಹುದು. ನೀವು ಕತೆ ಓದಿಸಿ.

ಈಗ ನಿಲ್ಲಿಸುವ ವಿಷಯ. ಒಂದರಿಂದ ಮೂರನೇ ತರಗತಿಯ ಮಗು ಒಂದೇ ಕೂತಕ್ಕೆ ಹದಿನೈದು ಇಪ್ಪತ್ತು ನಿಮಿಷ ಮನಸ್ಸಿಟ್ಟು ಕೂತರೆ ಅದು ಚೆನ್ನಾಗಿಯೇ ಕೂತಿದೆ. ಅದಾದ ಮೇಲೆ ನೀರು ಬೇಕು, ಸೂಸು ಬಂತು, ಪೆನ್ಸಿಲ್ ಮುಳ್ಳು ಮುರೀತು ಎಂದು ಎದ್ದೇಳುವುದು ಸೋಮಾರಿತನವಲ್ಲ, ದಣಿವು. ಇನ್ನೂ ಮುಂದಿನ ಗುರುತುಗಳಿವೆ. ಪುಟ ಹರಿಯುವಷ್ಟು ಉಜ್ಜಿ ಅಳಿಸುವುದು, ಹಿಂದಿನ ಪುಟದಲ್ಲಿ ಅಚ್ಚು ಮೂಡುವಷ್ಟು ಒತ್ತಿ ಬರೆಯುವುದು, ಆಗತಾನೇ ಸರಿ ಮಾಡಿದ್ದನ್ನೇ ತಪ್ಪು ಮಾಡುವುದು, ಸಂಜೆ ಪುಸ್ತಕ ತೆಗೆಯುವ ಹೊತ್ತಿಗೇ ಹೊಟ್ಟೆನೋವು ಬರುವುದು. ಇವು ಕಂಡಾಗ "ಇದೊಂದು ಮುಗಿಸಿಬಿಡು" ಎಂದು ಎಳೆಯಬಾರದು. ಮಗು ಖಂಡಿತ ಮಾಡಬಲ್ಲ ಒಂದು ಸುಲಭದ ಲೆಕ್ಕ ಮಾಡಿಸಿ, ಅಲ್ಲಿಗೆ ಪುಸ್ತಕ ಮುಚ್ಚಿಸಿ.

ಉಳಿದದ್ದು? ಹಾಗೇ ಇರಲಿ. ಡೈರಿಯಲ್ಲಿ ಎರಡು ಸಾಲು ಬರೆಯಿರಿ: "ಇಪ್ಪತ್ತು ನಿಮಿಷ ಕೂತು ಮೊದಲ ಮೂರು ಲೆಕ್ಕ ತಾನೇ ಮಾಡಿದ್ದಾಳೆ. ಹತ್ತನ್ನು ಬಿಡಿಸುವ ಲೆಕ್ಕದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿದ್ದಾಳೆ. ಕಡ್ಡಿಯಲ್ಲಿ ಬರುತ್ತದೆ, ಪುಸ್ತಕದಲ್ಲಿ ಇನ್ನೂ ಬರುತ್ತಿಲ್ಲ. ಉಳಿದದ್ದನ್ನು ಬಿಟ್ಟಿದ್ದೇವೆ." ಮೂವತ್ತು ನಲವತ್ತು ಮಕ್ಕಳ ತರಗತಿ ನೋಡಿಕೊಳ್ಳುವ ಟೀಚರ್ ಒಬ್ಬೊಬ್ಬರ ಪಕ್ಕ ಕೂತು ಕೇಳಲಾರರು. ಈ ಎರಡು ಸಾಲು ಅವರ ಅರ್ಧ ಕೆಲಸವನ್ನು ಮಾಡಿಕೊಡುತ್ತದೆ. ಎಲ್ಲ ಪುಸ್ತಕಗಳೂ ಅಪ್ಪ ಅಮ್ಮಂದಿರ ಕೈಯಲ್ಲಿ ಸರಿಯಾಗಿ ಬಂದರೆ, ಪಾಠ ಎಲ್ಲರಿಗೂ ಅರ್ಥವಾಗಿದೆ ಎಂದುಕೊಂಡು ಅವರು ಮುಂದಿನ ಪಾಠಕ್ಕೆ ಹೋಗುತ್ತಾರೆ. ತಪ್ಪು ಬಿಟ್ಟರೆ ಮಗುವಿಗೆ ಬೈಗುಳ ಬಿದ್ದೀತು ಎಂಬ ಹೆದರಿಕೆ ಪೋಷಕರಿಗೆ ಇದೆ, ಕೆಲವು ಕಡೆ ಆ ಹೆದರಿಕೆ ಸುಳ್ಳೂ ಅಲ್ಲ. ಅಂಥ ಕಡೆ ಮೊದಲು ಒಮ್ಮೆ ಟೀಚರನ್ನು ಖುದ್ದಾಗಿ ಕಂಡು, "ಬಾರದ್ದನ್ನ ನಾವು ತಿದ್ದದೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ಕಳಿಸ್ತೀವಿ, ಪರವಾಗಿಲ್ಲವಾ ಮೇಡಂ?" ಎಂದು ಕೇಳಿಕೊಂಡು ಬರುವುದು ಒಳ್ಳೆಯದು. ಬೇಡ ಎನ್ನುವವರು ಕಡಿಮೆ.

ಹೀಗೆ ತಿಂಗಳುಗಟ್ಟಲೆ ನಡೆಸಿದ ಮೇಲೂ ಕೆಲವು ಮಕ್ಕಳಲ್ಲಿ ಒಂದೇ ತೊಡಕು ಹೋಗದೆ ಉಳಿಯುತ್ತದೆ. ಜೊತೆಯವರೆಲ್ಲ ಓದುವಾಗಲೂ ಪರಿಚಯದ ಅಕ್ಷರಗಳೇ ಪ್ರತಿದಿನ ಹೊಸದಾಗಿ ಕಾಣುವುದು, ಬೋರ್ಡಿನಿಂದ ನಕಲು ಮಾಡುವಾಗ ಸಾಲುಗಳೇ ತಪ್ಪುವುದು, ಬಾಯಲ್ಲಿ ಚೆನ್ನಾಗಿ ಹೇಳಿದ ಉತ್ತರ ಬರವಣಿಗೆಯಲ್ಲಿ ಬಾರದಿರುವುದು. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡ್ ಸರಿಯಾಗಿ ಕಾಣದ್ದನ್ನು ಆರು ವರ್ಷದ ಮಗು ತಾನಾಗಿ ಹೇಳುವುದಿಲ್ಲ, ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ಅದು ಸರಿ ಇದ್ದರೆ ಕಲಿಕಾ ನ್ಯೂನತೆ ಇದೆಯೇ ಎಂದು ತಜ್ಞರಿಂದ ನೋಡಿಸಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನು ಪರೀಕ್ಷಿಸುತ್ತಾರೆ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿದೆ. ಪ್ರಮಾಣಪತ್ರ ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆ ಸಿಗುತ್ತದೆ, ಆದರೆ ನೆರವು ಶುರು ಮಾಡಲು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಹೋಗುವಾಗ ಮಗುವಿನ ಹಳೆಯ ನೋಟ್‌ಪುಸ್ತಕಗಳನ್ನು ತೆಗೆದುಕೊಂಡು ಹೋಗಿ. ತಜ್ಞರಿಗೆ ಬೇಕಾಗುವುದು ಮಗು ತಾನೇ ಬರೆದ, ಯಾರೂ ತಿದ್ದದ ಪುಟಗಳು.